ನಾನೂರು ಮೀಟರ್ ರಾಂಗ್ ಸೈಡು, ಆರು ಕಿಲೋಮೀಟರ್ ಸುತ್ತು

ಬೆಳಿಗ್ಗೆ ಆರೂವರೆ. ಹಾವೇರಿ ಜಿಲ್ಲೆಯ ಒಂದು ಊರಿನ ಅಗಸೆಯಿಂದ ಹೊರಟ ಬೈಕು ಹೆದ್ದಾರಿಗೆ ಬಂದು ಬಲಕ್ಕೆ ತಿರುಗುತ್ತದೆ. ಹಿಂದಿನ ಸೀಟಿನ ಎರಡೂ ಕಡೆ ಹಾಲಿನ ಕ್ಯಾನು. ಎದುರಿನಿಂದ ಲಾರಿ ಬರುತ್ತಿದೆ. ಬೈಕಿನವರು ರಸ್ತೆಯ ಅಂಚಿನ ಬಿಳಿ ಗೆರೆ ಹಿಡಿದು, ಲಾರಿಗೆ ಎದುರಾಗಿಯೇ, ನಾನೂರು ಮೀಟರ್ ಹೋಗಿ ಹಾಲಿನ ಡೇರಿಯ ಮುಂದೆ ನಿಲ್ಲುತ್ತಾರೆ. ಅವರ ಹಿಂದೆ ಇನ್ನೊಂದು ಬೈಕು, ಅದರ ಹಿಂದೆ ಮತ್ತೊಂದು. ಅರ್ಧ ಗಂಟೆಯಲ್ಲಿ ನಾವು ಎಣಿಸಿದ್ದು ಮೂವತ್ತೊಂದು. ಸರಿಯಾದ ದಿಕ್ಕಿನಿಂದ ಬಂದವರು ಇಬ್ಬರು. ಅವರೂ ಬೇರೆ ಊರಿನವರು.

"ಯಾಕ್ರೀ ಕಾಕಾ, ಹಿಂಗ ಎದುರಿಗೆ ಬರ್ತೀರಿ, ಅಂಜಿಕಿ ಆಗಂಗಿಲ್ಲೇನು?" ಎಂದು ಕೇಳಿದೆವು.

"ಅಂಜಿಕಿ ಆಗತೈತೋ ತಮ್ಮಾ. ಆದ್ರ ಆ ಕಡಿಂದ ಸುತ್ತ ಹಾಕಿ ಬರೂದ್ರಾಗ ಡೇರಿ ಬಾಗಲಾ ಹಾಕಿರತೈತಿ" ಎಂದರು.

ರಾಂಗ್ ಸೈಡ್ ಬರುವವರ ಬಗ್ಗೆ ಪೇಟೆಯ ಪತ್ರಿಕೆಗಳಲ್ಲಿ ಬರುವ ಬರಹಗಳೆಲ್ಲ ಒಂದೇ ತರಹ ಇರುತ್ತವೆ: ಜನರಿಗೆ ಶಿಸ್ತಿಲ್ಲ, ದಂಡ ಹೆಚ್ಚಿಸಬೇಕು. ನಾವೂ ಎರಡು ವರ್ಷದ ಹಿಂದೆ ಹಾಗೆಯೇ ಒಂದು ಸುದ್ದಿ ಬರೆದಿದ್ದೆವು. ಈ ಡೇರಿಯ ಮುಂದೆ ನಿಂತ ಮೇಲೆ ಆ ಸುದ್ದಿಯನ್ನು ಮತ್ತೆ ಬರೆಯಬೇಕು ಅನ್ನಿಸಿತು.

ಮೊದಲು ಕಾಕಾ ಹೇಳಿದ ಸುತ್ತನ್ನು ಅಳೆದು ನೋಡೋಣ ಎಂದು ನಮ್ಮದೇ ಬೈಕಿನಲ್ಲಿ ಹೊರಟೆವು. ಇದು ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 48. ನಡುವೆ ಡಿವೈಡರ್. ಊರು ಮತ್ತು ಡೇರಿ ಎರಡೂ ದಾವಣಗೆರೆ ಕಡೆಗೆ ಹೋಗುವ ಪಥದ ಪಕ್ಕದಲ್ಲಿವೆ. ಡೇರಿ ಊರಿನಿಂದ ಹುಬ್ಬಳ್ಳಿ ದಿಕ್ಕಿಗೆ ಇದೆ. ಅಂದರೆ ವಾಹನಗಳು ಡೇರಿ ದಾಟಿ ಊರಿಗೆ ಬರುತ್ತವೆ, ಊರಿನಿಂದ ಡೇರಿಗೆ ಹೋಗುವುದಿಲ್ಲ. ಕಾನೂನಿನ ಪ್ರಕಾರ ಡೇರಿಗೆ ಹೋಗಬೇಕಾದವರು ಎಡಕ್ಕೆ ತಿರುಗಿ 1.8 ಕಿಲೋಮೀಟರ್ ಮುಂದೆ ಹೋಗಿ ಡಿವೈಡರ್ ಬಿಟ್ಟಿರುವ ಕಡೆ ಯು ಟರ್ನ್ ಹೊಡೆಯಬೇಕು. ಆ ಬದಿಯಲ್ಲಿ ಅಷ್ಟೇ ದೂರ ವಾಪಸ್ ಬಂದು, ಊರನ್ನೂ ಡೇರಿಯನ್ನೂ ಈ ಕಡೆಯಿಂದ ನೋಡುತ್ತಾ ದಾಟಿ, ಇನ್ನೂ 1.2 ಕಿಲೋಮೀಟರ್ ಹೋಗಿ ಮತ್ತೊಂದು ಯು ಟರ್ನ್ ಹೊಡೆದು ಡೇರಿಗೆ ಬರಬೇಕು. ಒಟ್ಟು 6.4 ಕಿಲೋಮೀಟರ್. ರಾಂಗ್ ಸೈಡಿನಲ್ಲಾದರೆ ನಾನೂರು ಮೀಟರ್.

ಆರು ಕಿಲೋಮೀಟರ್ ಹೆಚ್ಚಿನ ಓಟ. ಹಳೆಯ ಬೈಕು, ಲೀಟರಿಗೆ 45 ಕೊಡುತ್ತದೆ ಎಂದು ಇಟ್ಟುಕೊಂಡರೂ ಒಂದು ಸಲಕ್ಕೆ ಹದಿಮೂರು ಹದಿನಾಲ್ಕು ರೂಪಾಯಿ ಪೆಟ್ರೋಲ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ ಸುಮಾರು 28 ರೂಪಾಯಿ, ತಿಂಗಳಿಗೆ 840. ಕಾಕಾ ಹಾಕುವುದು ಎರಡು ಹೊತ್ತು ಸೇರಿ ಹನ್ನೆರಡು ಲೀಟರ್ ಹಾಲು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ದಿನಕ್ಕೆ 60 ರೂಪಾಯಿ ಆಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಯು ಟರ್ನಿಗೇ ಹೋಯಿತು.

ಹಾಗಾಗಿ "ಎರಡು ನಿಮಿಷ ಉಳಿಸಲು ಪ್ರಾಣ ಕಳೆದುಕೊಳ್ಳಬೇಡಿ" ಎಂಬ ಬೋರ್ಡು ಈ ಊರಿನವರಿಗೆ ನಾಟುವುದಿಲ್ಲ. ಅವರು ಉಳಿಸುತ್ತಿರುವುದು ಎರಡು ನಿಮಿಷವನ್ನಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇವೆ: ಆದರೂ ಆ ನಾನೂರು ಮೀಟರ್ ಎದುರು ಹೋಗುವುದು ತಪ್ಪು ಲೆಕ್ಕ.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ನಾವು ಅಂಚಿಗೆ ಹೊಕ್ಕೇವ್ರೀ, ನಡುವ ಹೋಗಂಗಿಲ್ಲ. ಎದುರಿಗೆ ಬರೋ ಗಾಡಿ ನಮಗ ಕಾಣತೈತಲ್ಲ." ಗಾಡಿ ನಮಗೆ ಕಾಣುತ್ತದೆ, ನಿಜ. ನಾವು ಗಾಡಿಯವನಿಗೆ ಕಾಣುತ್ತೇವೆಯೇ ಎಂಬುದು ಬೇರೆ ಪ್ರಶ್ನೆ.

ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ವೇಗದ ಮಿತಿ ಇದೆ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಏನೋ ಅಡ್ಡ ಬಂತು ಎಂದು ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಕೂರುವುದಕ್ಕೆ ರಸ್ತೆ ಎಂಜಿನಿಯರುಗಳು ಎರಡೂವರೆ ಸೆಕೆಂಡು ಲೆಕ್ಕ ಹಿಡಿಯುತ್ತಾರೆ. ಬ್ರೇಕ್ ಹಿಡಿಯುವ ಮೊದಲೇ ಎಪ್ಪತ್ತು ಮೀಟರ್ ಹೋಯಿತು. ಪೂರ್ತಿ ನಿಲ್ಲಲು ಬೇಕಾದ ದೂರ ಸುಮಾರು 180 ಮೀಟರ್. ಇನ್ನು ರಾತ್ರಿ ಡಿಪ್ ಲೈಟಿನಲ್ಲಿ ಚಾಲಕನಿಗೆ ಮುಂದೆ ಸ್ಪಷ್ಟವಾಗಿ ಕಾಣುವುದು ಐವತ್ತು ಅರವತ್ತು ಮೀಟರ್. ಕಾರಿನ 28 ಮೀಟರಿಗೆ ಎದುರು ಬರುವ ಬೈಕಿನ 8 ಮೀಟರ್ ಸೇರಿಸಿ. ಅರವತ್ತು ಮೀಟರ್ ಮುಗಿಯಲು ಎರಡು ಸೆಕೆಂಡೂ ಬೇಕಾಗುವುದಿಲ್ಲ. ಅಂದರೆ ಅವನ ಕಾಲು ಬ್ರೇಕಿಗೆ ಹೋಗುವ ಮೊದಲೇ ಎಲ್ಲ ಮುಗಿದಿರುತ್ತದೆ.

"ನಮ್ಮ ಹೆಡ್‌ಲೈಟ್ ಇರತದಲ್ಲ" ಎಂದರೆ, ಅದು ಇನ್ನೂ ಮೋಸ. ಹೆದ್ದಾರಿಯಲ್ಲಿ ಎದುರಿನಿಂದ ಬರುವ ಬೆಳಕು ಡಿವೈಡರಿನ ಆಚೆಯದು ಎಂದೇ ಚಾಲಕನ ಕಣ್ಣಿಗೆ ರೂಢಿ. ನಿಮ್ಮ ಬೆಳಕನ್ನೂ ಅವನು ಆಚೆ ಪಥದ ಬೈಕು ಎಂದುಕೊಳ್ಳುತ್ತಾನೆ. ತನ್ನದೇ ಪಥದಲ್ಲಿದೆ ಎಂದು ತಿಳಿಯುವುದು ತೀರಾ ಹತ್ತಿರ ಬಂದಾಗ.

ಅಂಚಿನಲ್ಲಿ ಹೋಗುವುದರಲ್ಲಿ ಇನ್ನೊಂದು ಅಪಾಯ ಇದೆ. ಅದನ್ನು ನಮಗೆ ತಿಳಿಸಿದ್ದು ಇದೇ ಊರಿನ ಒಬ್ಬ ಹುಡುಗ. ಊರು ಮತ್ತು ಡೇರಿಯ ನಡುವೆ ಒಂದು ಪೆಟ್ರೋಲ್ ಬಂಕ್ ಇದೆ. ಡೀಸೆಲ್ ಹಾಕಿಸಿಕೊಂಡ ಟೆಂಪೊ ಒಂದು ಬಂಕಿನಿಂದ ಹೆದ್ದಾರಿಗೆ ಬರುತ್ತಿತ್ತು. ಅದು ಎಡಕ್ಕೆ ತಿರುಗಬೇಕು. ಅದರ ಚಾಲಕ ಎಲ್ಲಿ ನೋಡುತ್ತಾನೆ? ಬಲಕ್ಕೆ. ಯಾಕೆಂದರೆ ಗಾಡಿಗಳು ಬರುವುದು ಬಲದಿಂದ ಮಾತ್ರ. ಬಲಗಡೆ ಖಾಲಿ ಕಂಡಿತು, ಕುತ್ತಿಗೆ ಬಲಕ್ಕೇ ಇರುವಾಗ ಗಾಡಿ ಎಡಕ್ಕೆ ಎಳೆದ. ಎಡದಿಂದ ಅಂಚು ಹಿಡಿದು ಬರುತ್ತಿದ್ದ ಹುಡುಗನನ್ನು ಅವನು ನೋಡಿದ್ದು ಬಡಿದ ಮೇಲೆ.

ಇಲ್ಲಿ ಟೆಂಪೊದ ವೇಗ ಇಪ್ಪತ್ತೂ ಇರಲಿಲ್ಲ. ಹಗಲು ಹೊತ್ತು. ಇಬ್ಬರೂ ಕುಡಿದಿರಲಿಲ್ಲ. ಆದರೂ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ನಮ್ಮ ಹೆದ್ದಾರಿ ಪಕ್ಕದ ಊರುಗಳಲ್ಲಿ ಬಂಕು, ಧಾಬಾ, ಕಲ್ಯಾಣಮಂಟಪ, ಹೊಲದ ದಾರಿ ಎಷ್ಟಿವೆಯೋ ಅಷ್ಟು ಕಡೆ ಬಲಕ್ಕೆ ಮಾತ್ರ ನೋಡುವ ಚಾಲಕರು ಇದ್ದಾರೆ. ಅವರದು ತಪ್ಪಲ್ಲ. ರಸ್ತೆ ಅವರಿಗೆ ಕಲಿಸಿದ್ದೇ ಅದು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ರಾಂಗ್ ಸೈಡ್ ಚಾಲನೆಯ ಲೆಕ್ಕಕ್ಕೆ ಬರೆದಿರುವುದು ಸುಮಾರು ಒಂಬತ್ತು ಸಾವಿರ.

ಈಗ ದಂಡದ ವಿಷಯ. ಊರಲ್ಲಿ ಎಲ್ಲರಿಗೂ ಗೊತ್ತಿರುವುದು "ಐನೂರು ರೂಪಾಯಿ" ಅಷ್ಟೇ. ಅದು ಅರ್ಧ ಸತ್ಯ. ಪೇಟೆಯಲ್ಲಿ ನೋ ಎಂಟ್ರಿ ಬೋರ್ಡು ದಾಟಿದರೆ ಸಾಮಾನ್ಯವಾಗಿ ಹಾಕುವುದು ಮೋಟಾರು ವಾಹನ ಕಾಯ್ದೆಯ 177ನೇ ಕಲಂ. 2019ರ ತಿದ್ದುಪಡಿಗೆ ಮೊದಲು ಅದು ನೂರು ರೂಪಾಯಿವರೆಗೆ ಇತ್ತು, ಈಗ ಮೊದಲ ಸಲಕ್ಕೆ 500ರವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500ರವರೆಗೆ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಕೆಲಸ ಆಯಿತು. ಸಂಚಾರದ ದಿಕ್ಕಿಗೆ ಎದುರಾಗಿ ಓಡಿಸುವುದನ್ನು 184ನೇ ಕಲಮಿನ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ಹೆಸರು ಹಿಡಿದು ಸೇರಿಸಿದರು. ಆ ಓಡಿಸುವಿಕೆಯಿಂದ ಜನರಿಗೆ ಅಪಾಯ ಇತ್ತು ಎಂದು ತೋರಿದರೆ ಈ ಕಲಂ ಹಾಕಬಹುದು. ಇದಕ್ಕೆ ದಂಡ 1,000ದಿಂದ 5,000, ಅಥವಾ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ಎರಡೂ. ಜೊತೆಗೆ ಪೊಲೀಸರು ಬೇಕೆಂದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಹಾಕಿ ಎಫ್‌ಐಆರ್ ಮಾಡಬಹುದು. ಹಳೆಯ ಐಪಿಸಿ 279 ಇದೇ. ಪೊಲೀಸ್ ಕೆಲಸಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವ ಹುಡುಗರಿಗೆ ಎಫ್‌ಐಆರ್ ಅಂದರೆ ಏನು ಎಂದು ನಾವು ಹೇಳಬೇಕಿಲ್ಲ.

ಆದರೆ ಆ ಹುಡುಗನ ಮನೆಗೆ ಬಿದ್ದ ಹೊರೆ ದಂಡದ್ದಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಯಾಕೆಂದರೆ ಪೊಲೀಸರ ಜಾಗೃತಿ ಭಾಷಣದಲ್ಲಿ ಇದು ಬರುವುದಿಲ್ಲ.

ಅಪಘಾತ ಆದ ಕೂಡಲೇ ಪೊಲೀಸರು ಬಂದು ಸ್ಥಳ ಪಂಚನಾಮೆ ಮಾಡಿ ಕೈನಕ್ಷೆ ಬರೆಯುತ್ತಾರೆ. ರಸ್ತೆ ಎಷ್ಟು ಅಗಲ, ಗಾಡಿಗಳು ಯಾವ ಮುಖಕ್ಕೆ ಬಿದ್ದಿವೆ, ಗಾಜು ಎಲ್ಲಿ ಚೆಲ್ಲಿದೆ, ಟೈರಿನ ಗುರುತು ಎಲ್ಲಿಂದ ಎಲ್ಲಿಗೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಮನೆಯವರು ಆ ಕಾಗದ ನೋಡುವುದೇ ಇಲ್ಲ. ಆಮೇಲೆ ಪರಿಹಾರಕ್ಕೆ ವಾಹನ ಅಪಘಾತ ನ್ಯಾಯಮಂಡಳಿಗೆ ಹೋದಾಗ ವಿಮೆ ಕಂಪನಿಯ ವಕೀಲರು ಮೊದಲು ತೆಗೆಯುವುದು ಅದನ್ನೇ. ಬೈಕಿನ ಮುಖ ಹುಬ್ಬಳ್ಳಿ ಕಡೆಗೆ, ಪಥ ದಾವಣಗೆರೆ ಕಡೆಯದು. ಇಷ್ಟು ಸಾಕು.

ಹುಡುಗನ ಪ್ರಕರಣದಲ್ಲಿ ಒಟ್ಟು ನಷ್ಟ ಆರು ಲಕ್ಷ ಎಂದು ಲೆಕ್ಕ ಬಂತು. ಟೆಂಪೊ ಚಾಲಕನೂ ಎಡಕ್ಕೆ ಒಮ್ಮೆ ನೋಡಬೇಕಿತ್ತು, ಹುಡುಗನೂ ಎದುರು ಬರಬಾರದಿತ್ತು ಎಂದು ತಪ್ಪನ್ನು ಅರ್ಧರ್ಧ ಹಂಚಿದರು. ಕೈಗೆ ಬಂದದ್ದು ಮೂರು ಲಕ್ಷ. ಆಸ್ಪತ್ರೆ, ರಾಡು, ಎರಡನೇ ಆಪರೇಷನ್ ಸೇರಿ ಅದಾಗಲೇ ಎರಡು ಲಕ್ಷ ಎಂಬತ್ತು ಸಾವಿರ ಖರ್ಚಾಗಿತ್ತು. ಹುಡುಗ ಒಂದೂವರೆ ವರ್ಷ ಕೆಲಸಕ್ಕೆ ಹೋಗಿರಲಿಲ್ಲ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಸಹನಿರ್ಲಕ್ಷ್ಯ ಎನ್ನುತ್ತಾರೆ. ನಿಮ್ಮ ತಪ್ಪು ನೂರಕ್ಕೆ ಎಷ್ಟು ಎಂದು ತೀರ್ಮಾನ ಆಗುತ್ತದೋ ಅಷ್ಟು ಕಡಿತ. ಪೂರ್ತಿ ನಿಮ್ಮದೇ ತಪ್ಪು ಎಂದಾದರೆ ಆ ದಾರಿಯಲ್ಲಿ ಏನೂ ಇಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ನಿಯಮ ಮುರಿದಿದ್ದೀರಿ ಎಂದ ಮಾತ್ರಕ್ಕೆ ಕಡಿತ ಮಾಡುವಂತಿಲ್ಲ, ಆ ನಿಯಮ ಮುರಿದದ್ದೇ ಅಪಘಾತಕ್ಕೆ ಕಾರಣವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಒಂದು ಬೈಕಿನ ಮೇಲೆ ಮೂವರು ಕೂತಿದ್ದ ಪ್ರಕರಣದಲ್ಲಿ ಹೇಳಿದೆ. ಮೂವರು ಕೂತಿದ್ದಾಗ ಹಿಂದಿನಿಂದ ಕಾರು ಬಡಿದರೆ ಈ ಮಾತು ನೆರವಿಗೆ ಬರುತ್ತದೆ. ರಾಂಗ್ ಸೈಡಿನಲ್ಲಿ ಬರುವುದಿಲ್ಲ, ಏಕೆಂದರೆ ಅಲ್ಲಿ ಎದುರು ಹೋದದ್ದೇ ಕಾರಣ.

"ಬೈಕಿನ ಇನ್ಶೂರೆನ್ಸ್ ಇತ್ತಲ್ಲ?" ಎಂದು ನಾವು ಹುಡುಗನ ಅಪ್ಪನನ್ನು ಕೇಳಿದೆವು. ಇತ್ತು. ಅದರೊಳಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇತ್ತು. ಆದರೆ ಅದು ಮಾಲೀಕನೇ ಚಾಲಕನಾಗಿದ್ದಾಗ, ಅವನ ಬಳಿ ಲೈಸೆನ್ಸ್ ಇದ್ದಾಗ ಸಿಗುವಂಥದ್ದು. ಬೈಕು ಅಪ್ಪನ ಹೆಸರಲ್ಲಿ, ಓಡಿಸುತ್ತಿದ್ದವನು ಮಗ. ನಮ್ಮ ಕಡೆ ಹತ್ತು ಬೈಕಿನಲ್ಲಿ ಐದಾರು ಹೀಗೆಯೇ ಇವೆ ಎಂದು ನಮ್ಮ ಅಂದಾಜು. ಈ ಬರಹ ಓದುತ್ತಿರುವವರು ಒಮ್ಮೆ ನಿಮ್ಮ ಬೈಕಿನ ಆರ್‌ಸಿ ತೆಗೆದು ಹೆಸರು ನೋಡಿ.

ಇದು ಹೆದ್ದಾರಿಯ ಮಾತಾಯಿತು. ತಾಲೂಕು ಪೇಟೆಯ ಒನ್ ವೇ ಬೇರೆ ಕಥೆ, ಅಲ್ಲಿ ನಮ್ಮ ಸಿಟ್ಟು ಬೇರೆ ಕಡೆಗೆ.

ಸಂತೆಯ ದಿನ ಒಂದು ಪೇಟೆಯಲ್ಲಿ ನಾವೇ ನೋ ಎಂಟ್ರಿಯಲ್ಲಿ ಸಿಕ್ಕಿಬಿದ್ದೆವು. ರಾತ್ರಿ ಎಂಟೂವರೆ. ಬೋರ್ಡು ಇತ್ತು, ಆದರೆ ಒಬ್ಬ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದೆ ಇತ್ತು. ಪೊಲೀಸರು ಬೋರ್ಡಿನ ಹತ್ತಿರ ನಿಂತಿರಲಿಲ್ಲ, ಅಲ್ಲಿಂದ ಐವತ್ತು ಹೆಜ್ಜೆ ಒಳಗೆ ನಿಂತಿದ್ದರು. ಬೋರ್ಡಿನ ಹತ್ತಿರ ನಿಂತರೆ ಯಾರೂ ಒಳಗೆ ಹೋಗುವುದಿಲ್ಲ, ಆಗ ದಂಡವೂ ಇಲ್ಲ. ನಾವು ವಾದ ಮಾಡದೆ 500 ಕಟ್ಟಿ ರಸೀದಿ ತೆಗೆದುಕೊಂಡೆವು. ಪತ್ರಕರ್ತರ ಕಾರ್ಡು ತೋರಿಸಿ ಪಾರಾಗಬಹುದಿತ್ತೇನೋ, ತೋರಿಸಲಿಲ್ಲ.

ಮನೆಗೆ ಬಂದ ಮೇಲೆ ಹುಳ ಕೊರೆಯಿತು. ಒಂದು ರಸ್ತೆಯನ್ನು ಒನ್ ವೇ ಮಾಡುವುದು ಠಾಣೆಯವರ ಇಷ್ಟಕ್ಕೆ ಬಿಟ್ಟದ್ದಲ್ಲ. ಕಾಯ್ದೆಯ 115ನೇ ಕಲಮಿನಲ್ಲಿ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟವರು, ಗೆಜೆಟ್ ಅಧಿಸೂಚನೆ ಹೊರಡಿಸಿ ಹಾಗೆ ಮಾಡಬೇಕು. ಮಾಡಿದ ಮೇಲೆ ಸರಿಯಾದ ಜಾಗದಲ್ಲಿ ಬೋರ್ಡು ಹಾಕಬೇಕು. ಜಾತ್ರೆ, ಮೆರವಣಿಗೆ, ಕಾಮಗಾರಿ ಎಂದು ಒಂದು ತಿಂಗಳೊಳಗಿನ ವ್ಯವಸ್ಥೆಯಾದರೆ ಗೆಜೆಟ್ ಬೇಡ, ಊರಿಗೆ ಗೊತ್ತಾಗುವಂತೆ ಪ್ರಚಾರ ಮಾಡಿದರೆ ಸಾಕು. ನಾವು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಬೀದಿಯ ಅಧಿಸೂಚನೆ ಕೇಳಿದೆವು. ಮೂವತ್ತು ದಿನದ ಒಳಗೆ ಬರಬೇಕಾದದ್ದು ನಲವತ್ತೈದನೇ ದಿನ ಬಂತು. ಅಧಿಸೂಚನೆ ಇತ್ತು. ಆದರೆ ಅದರಲ್ಲಿ ಏಕಮುಖ ಸಂಚಾರ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಎಂದಿತ್ತು. ನಾವು ಸಿಕ್ಕಿದ್ದು ಎಂಟೂವರೆಗೆ! ಬೋರ್ಡಿನ ಕೆಳಗೆ ಸಮಯ ಬರೆದ ಸಣ್ಣ ಪಟ್ಟಿ ಇರಬೇಕಾಗಿತ್ತು, ಇರಲಿಲ್ಲ.

ಹಣ ವಾಪಸ್ ಬರಲಿಲ್ಲ. ಸ್ಥಳದಲ್ಲೇ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡು ಪ್ರಕರಣ ರಾಜಿಯಲ್ಲಿ ಮುಗಿದಂತೆ. ಬೋರ್ಡೇ ಕಾಣದ ಕಡೆ, ಸಮಯ ಮೀರಿದ ಕಡೆ ನಿಮ್ಮ ಮೇಲೆ ಹಾಕಿದ್ದಾರೆ ಎನ್ನಿಸಿದರೆ ಸ್ಥಳದಲ್ಲಿ ಕಟ್ಟದೆ ನೋಟಿಸ್ ತೆಗೆದುಕೊಂಡು, ಕೋರ್ಟಿನಲ್ಲಿ ಹೇಳಿಕೊಳ್ಳುವ ದಾರಿ ಇದೆ. ಅವತ್ತೇ ಮೊಬೈಲಿನಲ್ಲಿ ಬೋರ್ಡಿನ ಫೋಟೊ ತೆಗೆಯಬೇಕು, ನೀವು ಬಂದ ದಿಕ್ಕಿನಿಂದಲೇ ತೆಗೆಯಬೇಕು. ಆದರೆ ಐನೂರು ರೂಪಾಯಿಗೆ ಎರಡು ದಿನ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವವರು ಯಾರು? ಇದು ದಂಡ ಹಾಕುವವರಿಗೂ ಗೊತ್ತು. ಹಾಗಾಗಿಯೇ ಬೋರ್ಡು ಫ್ಲೆಕ್ಸಿನ ಹಿಂದೆ ಉಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬೋರ್ಡಿನ ವಿಷಯ ಬಂದದ್ದಕ್ಕೆ ಒಂದು ಗೊಂದಲ ಬಿಡಿಸಿಬಿಡೋಣ. ಪೂರ್ತಿ ಕೆಂಪು ದುಂಡಗಿನ ಫಲಕ, ನಡುವೆ ಅಡ್ಡ ಬಿಳಿ ಪಟ್ಟಿ ಇದ್ದರೆ ಆ ಕಡೆಯಿಂದ ಯಾವ ಗಾಡಿಯೂ ಒಳಗೆ ಹೋಗುವಂತಿಲ್ಲ. ಸೈಕಲ್ಲು, ಚಕ್ಕಡಿಯೂ ಸೇರಿ. ಬಿಳಿ ಫಲಕಕ್ಕೆ ಕೆಂಪು ಸುತ್ತು ಇದ್ದು ಒಳಗೆ ಲಾರಿ ಚಿತ್ರ ಇದ್ದರೆ ಲಾರಿಗೆ ಮಾತ್ರ ಇಲ್ಲ, ನಿಮ್ಮ ಬೈಕು ಹೋಗಬಹುದು. ಇನ್ನು "ಬರೇ ಹಿಂದಕ್ಕೆ ತಗೊಂಡೆ, ಮುಖ ಸರಿ ದಿಕ್ಕಿಗೇ ಇತ್ತು" ಎಂದು ಟಂಟಂನವರು ವಾದ ಮಾಡುವುದನ್ನು ಕೇಳಿದ್ದೇವೆ. ಒನ್ ವೇ ಒಳಗೆ ರಿವರ್ಸ್‌ನಲ್ಲಿ ಹೋಗುವುದನ್ನೂ ನಿಯಮ ಸ್ಪಷ್ಟವಾಗಿ ಬೇಡ ಎನ್ನುತ್ತದೆ.

ಮತ್ತೆ ಹೆದ್ದಾರಿಯ ಊರಿಗೆ ಬರೋಣ. ಅಲ್ಲಿ ಪೊಲೀಸರು ವಾರ ವಾರ ನಿಂತು ದಂಡ ಹಾಕಿದರೂ ಮೂವತ್ತೊಂದು ಬೈಕು ಇಪ್ಪತ್ತೈದಕ್ಕೆ ಇಳಿಯಬಹುದು, ನಿಲ್ಲುವುದಿಲ್ಲ. ತಿಂಗಳಿಗೆ 840 ರೂಪಾಯಿಯ ಖರ್ಚು ಎದುರಿಗಿದ್ದಾಗ ವರ್ಷಕ್ಕೊಮ್ಮೆ ಬೀಳುವ 500ರ ದಂಡ ಅಗ್ಗವೇ. ದಾರಿ ಕೊಡಬೇಕು.

ಊರಿನವರು ಮೊದಲು ಕೇಳಿದ್ದು ಡಿವೈಡರ್ ಒಡೆದು ಕೊಡಿ ಎಂದು. ಒಂದು ರಾತ್ರಿ ಯಾರೋ ತಾವೇ ಒಡೆದೂ ಇದ್ದರು, ಬೈಕು ತೂರುವಷ್ಟು. ಎರಡನ್ನೂ ನಾವು ಒಪ್ಪುವುದಿಲ್ಲ. ಹೆದ್ದಾರಿಯನ್ನು ಅಪಾಯಕ್ಕೆ ಒಡ್ಡುವಂತೆ ಹಾನಿ ಮಾಡಿದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕಿಂತ ಹೆಚ್ಚಾಗಿ, ಡಿವೈಡರಿನ ಕಿಂಡಿಯಿಂದ ನೂರರ ವೇಗದ ಪಥಕ್ಕೆ ಏಕಾಏಕಿ ನುಗ್ಗುವ ಬೈಕು ರಾಂಗ್ ಸೈಡ್ ಬೈಕಿಗಿಂತ ಸುರಕ್ಷಿತ ಅಲ್ಲ. ಮೇಲಾಗಿ ಈ ಊರಿಗೆ ಕಿಂಡಿಯಿಂದ ಲಾಭವೂ ಕಡಿಮೆ. ಊರ ಮುಂದೆ ಒಂದು, ಡೇರಿಯ ಮುಂದೆ ಒಂದು, ಎರಡು ಕಿಂಡಿ ಬೇಕಾಗುತ್ತದೆ. ಊರು, ಡೇರಿ ಎರಡೂ ಒಂದೇ ಬದಿಯಲ್ಲಿವೆ. ಇವರಿಗೆ ರಸ್ತೆ ದಾಟುವ ಕೆಲಸವೇ ಇಲ್ಲ! ಬೇಕಾಗಿರುವುದು ಹೆದ್ದಾರಿಯ ಪಕ್ಕ ನಾನೂರು ಮೀಟರ್ ಸರ್ವಿಸ್ ರಸ್ತೆ, ಎರಡೂ ಕಡೆ ಓಡಾಡುವಂಥದ್ದು. ಅಥವಾ ಹೊಲಗಳ ಒಳಗಿನ ಹಳೆಯ ಬಂಡಿದಾರಿ.

ಬಂಡಿದಾರಿ ಇತ್ತೇ ಎಂದು ಕೇಳಿದಾಗ ಹಿರಿಯರೊಬ್ಬರು ನಕ್ಕರು. ಹೆದ್ದಾರಿ ನಾಲ್ಕು ಪಥ ಆಗುವ ಮೊದಲು ಚಕ್ಕಡಿಗಳು ಹೋಗುತ್ತಿದ್ದ ದಾರಿ ಅದು, ಬಂಕಿನ ಹಿಂದಿನಿಂದ ಡೇರಿಯ ಹಿತ್ತಲಿಗೇ ಹೋಗುತ್ತಿತ್ತು. ಈಗ ಅದರ ಮೇಲೆ ಎರಡು ಹೊಲದವರು ಗೋವಿನಜೋಳ ಬೆಳೆದಿದ್ದಾರೆ. ಸರ್ವೆ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ ನೋಡಿದರು. ಬಂಡಿದಾರಿಯ ಚುಕ್ಕೆ ಗೆರೆ ಇನ್ನೂ ಹಾಗೇ ಇದೆ. ನಕ್ಷೆಯಲ್ಲಿರುವ ದಾರಿಯನ್ನು ಬಿಡಿಸಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. "ನಮ್ಮ ಹೊಲ ನಮ್ಮ ದಾರಿ" ಎಂದು ಉದ್ಯೋಗ ಖಾತ್ರಿಯಲ್ಲಿ ಇಂಥ ದಾರಿಗಳನ್ನು ಎಷ್ಟೋ ಪಂಚಾಯಿತಿಗಳು ಮಾಡಿಸಿಕೊಂಡಿವೆ.

ಸರ್ವಿಸ್ ರಸ್ತೆಗೆ ಅರ್ಜಿ ಬೇರೆ. ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಒಂದು ಪ್ರತಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಇನ್ನೊಂದು. ಇಂಥ ಅರ್ಜಿಗಳು ಬಿದ್ದುಹೋಗುವುದು ಹೇಗೆ ಎಂದು ನಾವು ಸಭೆಗಳಲ್ಲಿ ಕೂತು ನೋಡಿದ್ದೇವೆ. "ನಮ್ಮ ಊರಿಗೆ ಅನುಕೂಲ ಮಾಡಿಕೊಡಬೇಕು" ಎಂದು ಬರೆದರೆ ಅದು ಅನುಕೂಲದ ಫೈಲಿಗೆ ಹೋಗುತ್ತದೆ, ಅನುದಾನ ಬಂದಾಗ ನೋಡೋಣ ಎಂಬ ಉತ್ತರ ಬರುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದು, ಇಂತಿಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ ಇಷ್ಟು ಗಾಡಿ ಎದುರು ಹೋದವು, ಯು ಟರ್ನ್ ಇಷ್ಟು ದೂರ, ಇಲ್ಲಿ ಇಂಥ ಠಾಣೆಯಲ್ಲಿ ಇಷ್ಟು ಅಪಘಾತದ ಪ್ರಕರಣ ದಾಖಲಾಗಿವೆ ಎಂದು ಅಪರಾಧ ಸಂಖ್ಯೆ ಸಮೇತ ಬರೆದರೆ ಅದು ಅಪಘಾತ ವಲಯದ ಫೈಲಿಗೆ ಹೋಗುತ್ತದೆ. ಮುಂದೆ ಅದೇ ಜಾಗದಲ್ಲಿ ಸಾವಾದರೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಯಾವ ಅಧಿಕಾರಿಗೂ ಆಗುವುದಿಲ್ಲ. ನಮ್ಮ ಮೂವತ್ತೊಂದರ ಎಣಿಕೆಯನ್ನು ಅರ್ಜಿಗೆ ಕೊಟ್ಟಿದ್ದೇವೆ. ಊರಿನ ಹುಡುಗರು ಇನ್ನೂ ಆರು ದಿನ ಎಣಿಸಿ ಸೇರಿಸಿದರು.

ಇದೆಲ್ಲ ಆಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ? ಇಲ್ಲಿ ಊರಿನ ಹೆಂಗಸರು ನಮಗಿಂತ ಮುಂದೆ ಯೋಚಿಸಿದ್ದರು. ಗ್ರಾಮಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ನಾವೆಲ್ಲಾ ಯಾಕ್ ಡೇರಿಗೆ ಹೋಗಬೇಕ್ರೀ? ಡೇರಿನ ಊರೊಳಗ ಬರಲಿ. ಹಾಲು ಅಳಿಯೋ ಯಂತ್ರ ಏನು ಗುಡ್ಡದಷ್ಟು ಐತೇನು?" ಡೇರಿ ಹೆದ್ದಾರಿ ಮೇಲಿರುವುದು ಟ್ಯಾಂಕರ್ ನಿಲ್ಲಲು ಅನುಕೂಲ ಎಂದು. ಮೂವತ್ತು ಬೈಕು ಎದುರು ಹೋಗುವ ಬದಲು ಊರ ಅಗಸೆಯಲ್ಲೇ ಹಾಲು ಅಳೆದು, ಕ್ಯಾನುಗಳನ್ನು ಒಂದೇ ಗಾಡಿಯಲ್ಲಿ ಸುತ್ತು ಹಾಕಿ ತಂದರೆ ಆರು ಕಿಲೋಮೀಟರಿನ ಖರ್ಚು ಮೂವತ್ತು ಮನೆಗೆ ಹಂಚಿ ಹೋಗುತ್ತದೆ, ಮನೆಗೆ ದಿನಕ್ಕೆ ಎರಡು ಮೂರು ರೂಪಾಯಿ ಬೀಳಬಹುದು. ಸಂಘದ ಆಡಳಿತ ಮಂಡಳಿಯವರು ಮೊದಲು ತಕರಾರು ತೆಗೆದರು, ಕರೆಂಟು ಎಲ್ಲಿಂದ, ಗಾಡಿ ಯಾರದು ಎಂದು. ಗಾಡಿ ತಾವು ಕೊಡುತ್ತೇವೆ ಎಂದು ಟಂಟಂ ಇರುವ ಒಬ್ಬರು ಮುಂದೆ ಬಂದಿದ್ದಾರೆ. ಕರೆಂಟು ಶಾಲೆಯ ಪಕ್ಕದ ಸಮುದಾಯ ಭವನದಿಂದ ಎಂದು ಮಾತಾಗಿದೆ.

ಮೊನ್ನೆ ಬೆಳಿಗ್ಗೆ ಹೋದಾಗ ಹಾಲು ಇನ್ನೂ ಹೆದ್ದಾರಿಯ ಡೇರಿಗೇ ಹೋಗುತ್ತಿತ್ತು. ಎಣಿಸಿದೆವು, ಇಪ್ಪತ್ತಾರು. ಕಾಕಾ ಮಾತ್ರ ಬೈಕು ಅಗಸೆಯಲ್ಲೇ ನಿಲ್ಲಿಸಿ, ಗೋವಿನಜೋಳದ ಹೊಲದ ಬದುವಿನ ಮೇಲೆ ಕ್ಯಾನು ಹೊತ್ತು ನಡೆದು ಹೋಗುತ್ತಿದ್ದರು. ಹೊಲದವರು ಬೈಯ್ಯುವುದಿಲ್ಲವೇ ಎಂದರೆ, "ಬೈತಾರ. ಬದು ಅವರದಲ್ಲ, ನಕ್ಷಾ ತೋರಿಸ್ತೀನಿ ಅಂದೇನಿ" ಎಂದರು. ಸರ್ವೇಯರ್ ಬರುವುದು ಮುಂದಿನ ಗುರುವಾರ.